ಡೆಪಾಸಿಟ್ ವಾಪಸ್ ಕೇಳೋ ಇಮೇಲ್: ಬಾಕಿ ಲೆಕ್ಕ ನೀವೇ ಮೊದಲು ಬರೀರಿ

ಮನೆ ಖಾಲಿ ಮಾಡಿ ಕೀ ಕೊಟ್ಟಾಯ್ತು, ಓನರ್ "ಲೆಕ್ಕ ನೋಡಿ ಹೇಳ್ತೀನಿ" ಅಂದ್ರು, ಆಮೇಲೆ ಫೋನ್ ಎತ್ತೋದು ಕಮ್ಮಿ ಆಯ್ತು. ಈ ಹೊತ್ತಲ್ಲಿ ಬಹಳ ಜನ ಕಳಿಸೋದು "ಸರ್ ಡೆಪಾಸಿಟ್ ಯಾವಾಗ ಹಾಕ್ತೀರಾ, ಸ್ವಲ್ಪ ಅರ್ಜೆಂಟ್ ಇದೆ" ಅನ್ನೋ ಮೆಸೇಜು. ಇದಕ್ಕೆ "ಹಾಕ್ತೀನಪ್ಪಾ" ಅಂತ ಉತ್ತರ ಬಂದ್ರೆ ಅಲ್ಲಿಗೆ ಮುಗೀತು. ಎಷ್ಟು ಅಂತ ನೀವು ಬರೆದಿಲ್ಲ, ಯಾವತ್ತಿನೊಳಗೆ ಅಂತ ಬರೆದಿಲ್ಲ, ಯಾವುದಕ್ಕೆ ಎಷ್ಟು ಹಿಡ್ಕೋಬಹುದು ಅನ್ನೋದನ್ನಂತೂ ಪೂರ್ತಿ ಅವರ ಕೈಗೇ ಬಿಟ್ಟಿದೀರಾ.

ನಾನು ಇಲ್ಲಿ ಹೇಳ್ತಿರೋದು ಇದರ ಉಲ್ಟಾ ದಾರಿ. ನೀವು ಕೊಡಬೇಕಾಗಿರೋ ಬಾಕಿನ ನೀವೇ ಐಟಂ ಐಟಂ ಆಗಿ ಬರೆದು, ಡೆಪಾಸಿಟ್‌ನಿಂದ ಕಳೆದು, ಉಳಿದಿದ್ದು ಇಷ್ಟು, ಇಂಥ ತಾರೀಖಿನೊಳಗೆ ಈ ಖಾತೆಗೆ ಹಾಕಿ ಅಂತ ಕೇಳೋದು. ಕೆಲವರಿಗೆ ಇದು ಹೆಡ್ಡತನ ಅನ್ಸತ್ತೆ, ಅವರೇ ಕೇಳದೇ ಇರೋದನ್ನ ನಾವ್ಯಾಕೆ ಎತ್ತಿಕೊಡಬೇಕು ಅಂತ. ಆದ್ರೆ ಓನರ್ ತಲೇಲಿ "ಏನೇನೋ ಖರ್ಚು ಇದೆ" ಅಂತ ಮಸುಕಾಗಿ ಇರೋ ಲೆಕ್ಕ ಯಾವಾಗಲೂ ನಿಜವಾದ ಲೆಕ್ಕಕ್ಕಿಂತ ದೊಡ್ಡದೇ ಆಗಿರತ್ತೆ, ಅದನ್ನ ಅಂಕಿಗೆ ಇಳಿಸಿ ಮುಂದೆ ಇಟ್ರೆ ಮಾತುಕತೆ ಶುರುವಾಗೋದು ನಿಮ್ಮ ಅಂಕಿಯಿಂದ. ನಾಳೆ ಬೇರೆ ಯಾರಾದ್ರೂ ಮಧ್ಯೆ ಕೂತು ನೋಡೋ ಪರಿಸ್ಥಿತಿ ಬಂದ್ರೂ, ತನ್ನ ಬಾಕಿ ತಾನೇ ಒಪ್ಪಿಕೊಂಡಿರೋ ಇಮೇಲ್ ಓದಿದವರಿಗೆ ಈ ಬಾಡಿಗೆದಾರ ಪ್ರಾಮಾಣಿಕ ಅಂತ ಕಾಣತ್ತೆ.

ಬರೆಯೋಕ್ಕೆ ಕೂರೋ ಮುಂಚೆ

ಅಗ್ರಿಮೆಂಟ್ ತೆಗೆದು ಮೂರು ವಿಷಯ ನೋಡಿ. ಡೆಪಾಸಿಟ್ ಎಷ್ಟು ಕೊಟ್ಟಿದ್ದು ಅಂತ ಬರೆದಿದೆಯಾ, ಯಾವಾಗ ವಾಪಸ್ ಕೊಡಬೇಕು ಅಂತ ಇದೆಯಾ, ಅದರಿಂದ ಏನೇನು ಹಿಡ್ಕೋಬಹುದು ಅಂತ ಇದೆಯಾ. ಇದರ ಜೊತೆ ಡೆಪಾಸಿಟ್ ಕೊಟ್ಟ ದಿನದ ಬ್ಯಾಂಕ್ ಎಂಟ್ರಿ ಹುಡುಕಿ ಇಟ್ಕೊಳ್ಳಿ. ಒಮ್ಮೊಮ್ಮೆ ದುಡ್ಡು ಹೋಗಿರೋದು ಅಗ್ರಿಮೆಂಟಲ್ಲಿ ಸಹಿ ಹಾಕಿದವರಿಗಲ್ಲ, ಅವರ ಮಗನ ಖಾತೆಗೋ ಹೆಂಡತಿ ಖಾತೆಗೋ, ಹಾಗಿದ್ರೆ ಇಮೇಲಲ್ಲಿ ಅದನ್ನೂ ಒಂದು ಸಾಲಲ್ಲಿ ಹೇಳಿಬಿಡಿ, "ನೀವು ಹೇಳಿದಂತೆ ಇಂಥವರ ಖಾತೆಗೆ ಹಾಕಿದ್ದು" ಅಂತ. ಇಬ್ಬರು ಮೂವರು ಸೇರಿ ಬಾಡಿಗೆಗೆ ಇದ್ದಿದ್ರೆ ದುಡ್ಡು ಯಾರ ಖಾತೆಗೆ ಬರಬೇಕು ಅನ್ನೋದನ್ನ ನೀವ್ ನೀವೇ ಮೊದಲು ತೀರ್ಮಾನ ಮಾಡ್ಕೊಂಡು ಎಲ್ಲರನ್ನೂ ಇಮೇಲ್ ಕಾಪಿಯಲ್ಲಿ ಇಡಿ, ಇಲ್ಲಾಂದ್ರೆ "ನಿಮ್ಮಲ್ಲೇ ಯಾರಿಗೆ ಕೊಡಬೇಕೋ ಗೊತ್ತಾಗ್ತಿಲ್ಲ" ಅನ್ನೋದು ತಡ ಮಾಡೋಕೆ ಒಳ್ಳೆ ನೆಪ ಆಗತ್ತೆ.

ಕೀ ಕೊಡೋ ದಿನ ಎರಡು ಫೋಟೋ ಮಾತ್ರ ತಪ್ಪಿಸಲೇಬೇಡಿ. ಒಂದು ಕರೆಂಟ್ ಮೀಟರ್ ರೀಡಿಂಗು, ಅಂಕಿ ಓದೋ ಹಾಗೆ, ಮೀಟರ್ ನಂಬರೂ ಕಾಣೋ ಹಾಗೆ. ಇನ್ನೊಂದು ಓನರ್ ಅಥವಾ ಅವರ ಕಡೆಯವರಿಗೆ ಕೀ ಕೊಟ್ಟಿದ್ದಕ್ಕೆ ಏನಾದ್ರೂ ಗುರುತು, ಸಹಿ ಹಾಕಿದ ಚೀಟಿಯ ಫೋಟೋ ಆದ್ರೂ ಸರಿ, "ಕೀ ಈಗ ಕೊಟ್ಟೆ" ಅಂತ ನೀವು ಅಲ್ಲೇ ನಿಂತು ಕಳಿಸಿ ಅವರು ಓಕೆ ಅಂದ ಮೆಸೇಜಿನ ಸ್ಕ್ರೀನ್‌ಶಾಟ್ ಆದ್ರೂ ಸರಿ. ಬಾಡಿಗೆ ಎಲ್ಲಿವರೆಗೆ ಅಂತ ಎಣಿಸೋದೂ ವಾಪಸಾತಿ ದಿನ ಎಣಿಸೋಕೆ ಶುರು ಮಾಡೋದೂ ಎರಡೂ ಈ ಕೀ ಕೊಟ್ಟ ತಾರೀಖಿನ ಮೇಲೇ ನಿಂತಿರತ್ತೆ. ರೂಮ್ ರೂಮಿನ ಫೋಟೋ ತೆಗೆದಿದ್ರೆ ಇನ್ನೂ ಒಳ್ಳೇದು, ಒರಿಜಿನಲ್ ಫೈಲ್‌ಗಳನ್ನ ಫೋನಲ್ಲೇ ಬಿಡಿ, ಚಾಟ್ ಆಪ್ ಮೂಲಕ ಕಳಿಸಿದ ಕಾಪಿಯಲ್ಲಿ ತೆಗೆದ ದಿನದ ಮಾಹಿತಿ ಸಾಮಾನ್ಯವಾಗಿ ಉಳಿಯಲ್ಲ.

ಬಾಕಿ ಪಟ್ಟಿ ಹಾಕೋದು

ಒಂದು ಉದಾಹರಣೆ ಇಟ್ಕೊಂಡೇ ಹೋಗೋಣ, ಯಾವ ದೇಶದ ದುಡ್ಡು ಅಂತ ಬೇಡ, ಬರೀ ಅಂಕಿ. ಡೆಪಾಸಿಟ್ 90,000, ತಿಂಗಳ ಬಾಡಿಗೆ 15,000, ತಿಂಗಳ ಮೇಂಟೆನೆನ್ಸ್ 1,500. ಮೇ 11ಕ್ಕೆ ಒಂದು ತಿಂಗಳ ನೋಟಿಸ್ ಕೊಟ್ಟು ಜೂನ್ 10ಕ್ಕೆ ಕೀ ಕೊಟ್ಟಿದಾರೆ, ಮೇ ತಿಂಗಳ ಬಾಡಿಗೆ ಪೂರ್ತಿ ಕಟ್ಟಿ ಆಗಿದೆ.

ಮೊದಲು ಸುಲಭದ್ದು. ಜೂನಲ್ಲಿ 10 ದಿನ ಇದ್ದಿದ್ದು, 30 ದಿನದ ತಿಂಗಳು, ಹಾಗಾಗಿ ಬಾಡಿಗೆ 5,000 ಮತ್ತು ಮೇಂಟೆನೆನ್ಸ್ 500. ಇಲ್ಲಿ ಒಂದು ಮಾತು, ಅಗ್ರಿಮೆಂಟಲ್ಲಿ "ತಿಂಗಳ ಮಧ್ಯೆ ಬಿಟ್ರೂ ಪೂರ್ತಿ ತಿಂಗಳ ಬಾಡಿಗೆ" ಅಂತ ಇದ್ರೆ 10 ದಿನದ ಲೆಕ್ಕ ನಡಿಯಲ್ಲ, ಅದನ್ನ ಓದದೇ ಅಂಕಿ ಕಳಿಸಿದ್ರೆ ಓನರ್ ಮೊದಲನೇ ಸಾಲಲ್ಲೇ ನಿಮ್ಮನ್ನ ಹಿಡೀತಾರೆ, ಆಮೇಲೆ ಉಳಿದ ಸಾಲುಗಳನ್ನೂ ಅವರು ನಂಬಲ್ಲ.

ಕರೆಂಟ್ ಬಿಲ್ ವಿಷಯದಲ್ಲೇ ಜಾಸ್ತಿ ತಡ ಆಗೋದು, ಯಾಕಂದ್ರೆ ಕೊನೇ ಬಿಲ್ ಬರೋದು ನೀವು ಹೋದಮೇಲೆ. "ಬಿಲ್ ಬರ್ಲಿ ನೋಡೋಣ" ಅಂತ ಓನರ್ ಅನ್ನೋದೂ ನ್ಯಾಯವೇ, ಆದ್ರೆ ಅದಕ್ಕೋಸ್ಕರ ಪೂರ್ತಿ ಡೆಪಾಸಿಟ್ ನಿಲ್ಲಿಸಬೇಕಾಗಿಲ್ಲ. ಹಿಂದಿನ ಬಿಲ್ಲಲ್ಲಿ ರೀಡಿಂಗ್ 4,312, ಕೀ ಕೊಟ್ಟ ದಿನ 4,396, ಅಂದ್ರೆ 84 ಯೂನಿಟ್. ಹಿಂದಿನ ಬಿಲ್ಲಿನ ಒಟ್ಟು ಮೊತ್ತನ ಅದರ ಯೂನಿಟ್‌ಗೆ ಭಾಗಿಸಿದ್ರೆ ಯೂನಿಟ್‌ಗೆ 8 ಬೀಳ್ತಿತ್ತು ಅಂದ್ಕೊಳ್ಳಿ, ಫಿಕ್ಸೆಡ್ ಚಾರ್ಜು ತೆರಿಗೆ ಎಲ್ಲ ಸೇರಿ. ಹಾಗಾಗಿ 672. ಇದು ಅಂದಾಜು ಅಂತಾನೇ ಬರೀರಿ, ನಿಜವಾದ ಬಿಲ್ ಹೆಚ್ಚು ಬಂದ್ರೆ ಬಿಲ್ ಕಾಪಿ ಕಳಿಸಿದ ತಕ್ಷಣ ವ್ಯತ್ಯಾಸ ಕೊಡ್ತೀನಿ ಅಂತ ಸೇರಿಸಿ. ಬಿಲ್ ಬರ್ಲಿ ಅನ್ನೋ ನೆಪಕ್ಕೆ ಆಮೇಲೆ ಜಾಗ ಇರಲ್ಲ.

ಈಗ ಕಷ್ಟದ್ದು, ಡ್ಯಾಮೇಜು. ಎಲ್ಲ ಹಾಳಾಗಿರೋದೂ ನಿಮ್ಮ ಬಾಕಿ ಅಲ್ಲ, ಎಲ್ಲಾನೂ ಓನರ್ ತಲೆ ಮೇಲೂ ಅಲ್ಲ. ಇದ್ದು ಬಳಸಿದ್ರೆ ಆಗೇ ಆಗೋ ಸವೆತ ಬಾಡಿಗೆಯಲ್ಲೇ ಸೇರಿರತ್ತೆ: ಗೋಡೆ ಬಣ್ಣ ಮಂಕಾಗಿರೋದು, ನಲ್ಲಿ ವಾಷರ್ ಸವೆದಿರೋದು, ಬಾಗಿಲ ಹಿಡಿಕೆ ಸಡಿಲ ಆಗಿರೋದು. ನಿಮ್ಮ ಕೈಯಿಂದ ಒಂದೇ ಸಲಕ್ಕೆ ಆದದ್ದು, ಅಥವಾ ಗೊತ್ತಿದ್ದೂ ಸುಮ್ಮನೆ ಬಿಟ್ಟು ದೊಡ್ಡದಾಗಿದ್ದು, ಅದು ನಿಮ್ಮ ಬಾಕಿ. ಕಿಟಕಿ ಗಾಜು ಒಡೆದಿದ್ರೆ ಪೂರ್ತಿ ನಿಮ್ಮದು, ಗಾಜು ಹಳೇದಾಯ್ತು ಅಂತ ತನ್ನಷ್ಟಕ್ಕೆ ತಾನು ಒಡೆಯಲ್ಲ. ಅಂಗಡೀಲಿ ಕೇಳಿದ ರೇಟು, ಹಾಕೋ ಕೂಲಿ ಸೇರಿ 1,250, ಆ ಕೊಟೇಶನ್ ಚೀಟಿ ಇಟ್ಕೊಳ್ಳಿ.

ಗೋಡೆ ವಿಷಯ ಬೇರೆ. ಹಾಲಿನ ಒಂದು ಗೋಡೆ ಮೇಲೆ ಮಗು ಕ್ರೇಯಾನ್ ಗೀಚಿದೆ, ಒರೆಸಿದ್ರೂ ಹೋಗ್ತಿಲ್ಲ, ಆ ಒಂದು ಗೋಡೆಗೆ ಬಣ್ಣ ಹೊಡೆಯೋಕೆ ಪೇಂಟರ್ 4,000 ಕೇಳಿದಾರೆ. ಆದ್ರೆ ಆ ಬಣ್ಣ ಹೊಡೆದು ಆಗಲೇ 3 ವರ್ಷ ಆಗಿತ್ತು, ಆ ಥರದ ಬಣ್ಣ 5 ವರ್ಷ ಬಾಳತ್ತೆ ಅಂತ ಇಟ್ಕೊಂಡ್ರೆ ನೀವು ಹಾಳು ಮಾಡಿದ್ದು ಉಳಿದ 2 ವರ್ಷದ ಬಾಳಿಕೆನ ಮಾತ್ರ. 4,000ದಲ್ಲಿ ಐದರಲ್ಲಿ ಎರಡು ಪಾಲು, 1,600. ಹಳೇದನ್ನ ಕೆಡಿಸಿದ್ದಕ್ಕೆ ಹೊಸದರ ಪೂರ್ತಿ ಬೆಲೆ ಕೊಡಬೇಕಾಗಿಲ್ಲ ಅನ್ನೋದು ಈ ಲೆಕ್ಕದ ತಿರುಳು, ಗೀಸರು, ಪರದೆ, ಕಾರ್ಪೆಟ್ ಯಾವುದಕ್ಕಾದ್ರೂ ಹೀಗೇ ಹಾಕಬಹುದು. 5 ವರ್ಷ ಯಾಕೆ 7 ಯಾಕಲ್ಲ ಅಂತ ವಾದ ಬರತ್ತೆ, ಬರಲಿ, ಅದು ಒಂದು ಅಂಕಿ ಮೇಲಿನ ವಾದ, ಪೂರ್ತಿ ಮನೆಗೆ ಬಣ್ಣ ಹೊಡೆಸಬೇಕಾ ಅನ್ನೋ ವಾದಕ್ಕಿಂತ ಎಷ್ಟೋ ಚಿಕ್ಕದು.

ಕೊನೇದಾಗಿ ಜನ ಮರೆಯೋ ಐಟಂ, ಓನರ್ ನಿಮಗೆ ಕೊಡಬೇಕಾಗಿರೋದು. ಮೋಟಾರ್ ಕೆಟ್ಟಾಗ "ಮಾಡಿಸಿಬಿಡಿ, ಆಮೇಲೆ ನೋಡ್ಕೊಳೋಣ" ಅಂದಿದ್ರು, ನೀವು 1,800 ಕೊಟ್ಟು ಮಾಡಿಸಿದ್ರಿ. ಆ ಮೆಸೇಜೂ ರಸೀದಿನೂ ಇದ್ರೆ ಪಟ್ಟಿಗೆ ಹಾಕಿ. ಎರಡರಲ್ಲಿ ಒಂದೂ ಇಲ್ಲ ಅಂದ್ರೆ ಬಿಟ್ಬಿಡೋದೇ ವಾಸಿ, ದಾಖಲೆ ಇಲ್ಲದ ಒಂದು ಐಟಂ ದಾಖಲೆ ಇರೋ ಐದನ್ನ ಕೆಡಿಸತ್ತೆ.

ಕೂಡಿಸಿದ್ರೆ ಬಾಕಿ 5,000, 500, 672, 1,250, 1,600 ಸೇರಿ 9,022. 90,000ದಿಂದ ಕಳೆದ್ರೆ 80,978, ಅದಕ್ಕೆ ಮೋಟಾರಿನ 1,800 ಸೇರಿಸಿದ್ರೆ 82,778. ಈ ಒಂದು ಅಂಕಿಯೇ ನಿಮ್ಮ ಇಮೇಲಿನ ಬೇಡಿಕೆ. ಕಳಿಸೋ ಮುಂಚೆ ಕ್ಯಾಲ್ಕುಲೇಟರಲ್ಲಿ ಇನ್ನೊಂದ್ಸಲ ಕೂಡಿಸಿ.

ತಾರೀಖು ಯಾವುದು ಹಾಕಬೇಕು

ಅಗ್ರಿಮೆಂಟಲ್ಲಿ ದಿನ ಬರೆದಿದ್ರೆ ಅದೇ, ನಿಮ್ಮ ಇಷ್ಟದ ದಿನ ಅಲ್ಲ. ಅಲ್ಲಿ ಇಲ್ಲಾಂದ್ರೆ ನೀವಿರೋ ಜಾಗದ ಕಾನೂನಲ್ಲಿ ಇದೆಯಾ ನೋಡಿ, ಕೆಲವು ಕಡೆ ಸ್ಪಷ್ಟವಾಗಿ ಇರತ್ತೆ, ಅಮೆರಿಕದಲ್ಲೇ ನ್ಯೂಯಾರ್ಕ್ ರಾಜ್ಯದಲ್ಲಿ 14 ದಿನ, ಕ್ಯಾಲಿಫೋರ್ನಿಯಾದಲ್ಲಿ 21, ಟೆಕ್ಸಾಸಲ್ಲಿ 30. ಎರಡೂ ಕಡೆ ಏನೂ ಇಲ್ಲದಿದ್ರೆ ಇಮೇಲ್ ಕಳಿಸಿದ ದಿನದಿಂದ ಎರಡು ವಾರ ಕೇಳಿದ್ರೆ ಯಾರೂ ಅವಸರ ಅನ್ನಲ್ಲ, ಓನರಿಗೆ ಮನೆ ಹೋಗಿ ನೋಡೋಕೆ, ಯಾರನ್ನಾದ್ರೂ ಕೇಳೋಕೆ, ದುಡ್ಡು ಹೊಂದಿಸೋಕೆ ಸಮಯ ಸಿಗತ್ತೆ. "48 ಗಂಟೆಯೊಳಗೆ" ಅಂದ್ರೆ ಅವರು ಸಿಟ್ಟಾಗ್ತಾರೆ ಅಷ್ಟೇ. "ಆದಷ್ಟು ಬೇಗ" ಅಂದ್ರೆ ತಡ ಆಯ್ತು ಅಂತ ಹೇಳೋಕೆ ನಿಮಗೆ ಯಾವತ್ತೂ ಅವಕಾಶ ಬರಲ್ಲ.

"ಎರಡು ವಾರದಲ್ಲಿ" ಅಂತಲೂ ಬರೀಬೇಡಿ, ಕ್ಯಾಲೆಂಡರ್ ತಾರೀಖೇ ಬರೀರಿ, ಎಲ್ಲಿಂದ ಎಣಿಸೋದು ಅನ್ನೋ ತಕರಾರು ಆಗ ಹುಟ್ಟಲ್ಲ. ನಾನಂತೂ ಎರಡು ತಾರೀಖು ಹಾಕಿ ಅಂತೀನಿ. ಲೆಕ್ಕದಲ್ಲಿ ಆಕ್ಷೇಪ ಇದ್ರೆ ಇಂಥ ದಿನದೊಳಗೆ ಬಿಲ್ ಸಮೇತ ಹೇಳಿ ಅನ್ನೋದು ಒಂದು, ದುಡ್ಡು ಬರಬೇಕಾದ ದಿನ ಇನ್ನೊಂದು. ಮೊದಲನೇದು ಇಲ್ಲಾಂದ್ರೆ ಓನರ್ ಸುಮ್ಮನಿದ್ದು ಕೊನೇ ದಿನ ಸಾಯಂಕಾಲ "ಬಣ್ಣಕ್ಕೆ ಖರ್ಚಿದೆ" ಅಂತಾರೆ.

ಇಮೇಲ್ ಹೀಗಿರಲಿ

ಅಗ್ರಿಮೆಂಟಲ್ಲಿ ಕೊಟ್ಟಿರೋ ಅಥವಾ ಮುಂಚೆಯಿಂದ ಮಾತಾಡ್ತಿದ್ದ ಐಡಿಯಿಂದಲೇ ಕಳಿಸಿ, ಸಬ್ಜೆಕ್ಟಲ್ಲೇ ಮನೆ ನಂಬರು, ಮೊತ್ತ, ತಾರೀಖು ಮೂರೂ ಬರಲಿ, ಆರು ತಿಂಗಳಾದ್ಮೇಲೂ ಹುಡುಕಿದ್ರೆ ಸಿಗತ್ತೆ.

> ವಿಷಯ: ಮನೆ ನಂ. ____ – ಡೆಪಾಸಿಟ್ ವಾಪಸಾತಿ 82,778 – ಜೂನ್ 26ರೊಳಗೆ
>
> ನಮಸ್ಕಾರ ಸರ್,
>
> ಮೇ 11ರಂದು ಕೊಟ್ಟ ನೋಟಿಸ್ ಪ್ರಕಾರ ಮೇಲಿನ ಮನೆ ಖಾಲಿ ಮಾಡಿ ಜೂನ್ 10ರಂದು ನಿಮಗೆ ಕೀ ಒಪ್ಪಿಸಿದ್ದೇನೆ. ಮನೆಗೆ ಬಂದಾಗ ಡೆಪಾಸಿಟ್ ಆಗಿ 90,000 ಕೊಟ್ಟಿದ್ದೆ, ಬ್ಯಾಂಕ್ ಎಂಟ್ರಿ ಲಗತ್ತಿಸಿದ್ದೇನೆ.
>
> ನನ್ನ ಕಡೆಯಿಂದ ಬರಬೇಕಾದ ಬಾಕಿ:
> 1. ಜೂನ್ 1ರಿಂದ 10ರವರೆಗೆ ಬಾಡಿಗೆ – 5,000
> 2. ಅದೇ 10 ದಿನದ ಮೇಂಟೆನೆನ್ಸ್ – 500
> 3. ಕರೆಂಟ್, 84 ಯೂನಿಟ್ (4,312ರಿಂದ 4,396), ಅಂದಾಜು – 672
> 4. ಬೆಡ್‌ರೂಮ್ ಕಿಟಕಿಯ ಒಡೆದ ಗಾಜು, ಕೊಟೇಶನ್ ಪ್ರಕಾರ – 1,250
> 5. ಹಾಲಿನ ಒಂದು ಗೋಡೆಯ ಬಣ್ಣ, 4,000ದಲ್ಲಿ ಉಳಿದ ಬಾಳಿಕೆಯ ಪಾಲು – 1,600
> ಒಟ್ಟು – 9,022
>
> ನಿಮ್ಮ ಒಪ್ಪಿಗೆ ಮೇಲೆ ಮೋಟಾರ್ ರಿಪೇರಿಗೆ ನಾನು ಕೊಟ್ಟಿದ್ದು – 1,800
>
> 90,000ದಿಂದ 9,022 ಕಳೆದು 1,800 ಸೇರಿಸಿದರೆ ನನಗೆ ಬರಬೇಕಾಗಿರುವುದು 82,778.
>
> ಕರೆಂಟ್ ಬಿಲ್ ಅಂದಾಜಿಗಿಂತ ಹೆಚ್ಚು ಬಂದರೆ ಬಿಲ್ ಕಾಪಿ ಕಳಿಸಿ, ವ್ಯತ್ಯಾಸ ಹಾಕುತ್ತೇನೆ. ಲೆಕ್ಕದಲ್ಲಿ ಬೇರೆ ಏನಾದರೂ ಸೇರಬೇಕು ಅನಿಸಿದರೆ ಜೂನ್ 19ರೊಳಗೆ ಬಿಲ್ ಅಥವಾ ಕೊಟೇಶನ್ ಜೊತೆ ತಿಳಿಸಿ. ದಯವಿಟ್ಟು 82,778ನ್ನು ಜೂನ್ 26ರೊಳಗೆ ನಾನು ಪ್ರತಿ ತಿಂಗಳು ಯಾವ ಖಾತೆಯಿಂದ ಬಾಡಿಗೆ ಕಳಿಸುತ್ತಿದ್ದೆನೋ ಅದೇ ಖಾತೆಗೆ ವರ್ಗಾಯಿಸಿ. ಖಾತೆ ವಿವರ ಕೆಳಗಿದೆ, ಬೇಕಿದ್ದರೆ ನನ್ನ ಹಳೇ ನಂಬರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.
>
> ಲಗತ್ತು: ಬ್ಯಾಂಕ್ ಎಂಟ್ರಿ, ಅಗ್ರಿಮೆಂಟಿನ ಡೆಪಾಸಿಟ್ ಪುಟ, ಕೀ ಒಪ್ಪಿಸಿದ ಚೀಟಿ, ಮೀಟರ್ ಫೋಟೋ, ಹಿಂದಿನ ಕರೆಂಟ್ ಬಿಲ್, ಎರಡು ಕೊಟೇಶನ್, ಮೋಟಾರ್ ರಸೀದಿ ಮತ್ತು ನಿಮ್ಮ ಮೆಸೇಜ್.
>
> ಇಂತಿ,
> ____

ಇದು ಜೂನ್ 12ಕ್ಕೆ ಕಳಿಸೋ ಇಮೇಲ್, ಅಲ್ಲಿಂದ 26ಕ್ಕೆ ಸರಿಯಾಗಿ 14 ದಿನ. "ಯಾವ ಖಾತೆಯಿಂದ ಬಾಡಿಗೆ ಕಳಿಸುತ್ತಿದ್ದೆನೋ ಅದೇ ಖಾತೆಗೆ" ಅಂತ ಬರೆದಿರೋದಕ್ಕೆ ಕಾರಣ ಇದೆ, ಹೊಸ ಖಾತೆ ನಂಬರ್ ಇಮೇಲಲ್ಲಿ ಬಂದ್ರೆ ಇದು ನಿಜವಾಗ್ಲೂ ಇವರೇನಾ ಅಂತ ಯಾರಿಗಾದ್ರೂ ಅನುಮಾನ ಬರತ್ತೆ, ಬರಲೂಬೇಕು.

ಇದರಲ್ಲಿ ಏನಿಲ್ಲ ಅನ್ನೋದನ್ನೂ ಗಮನಿಸಿ. ಎರಡು ವರ್ಷದಿಂದ ನೀರು ಸರಿಯಾಗಿ ಬರ್ತಿರ್ಲಿಲ್ಲ ಅನ್ನೋ ದೂರು ಇಲ್ಲ, ಹೊಸ ಮನೆಗೆ ದುಡ್ಡು ಬೇಕು ಅನ್ನೋ ಕಷ್ಟ ಇಲ್ಲ, ಕೋರ್ಟು ಲಾಯರ್ರು ಅನ್ನೋ ಬೆದರಿಕೆಯೂ ಇಲ್ಲ. ನಿಮ್ಮ ಕಷ್ಟ ನಿಜವೇ ಇರಬಹುದು, ಆದ್ರೆ ಅದನ್ನ ಬರೆದ್ರೆ ಓನರ್ ಉತ್ತರ ಕೊಡೋದು ಅದಕ್ಕೇ, ಅಂಕಿಗಲ್ಲ. ಇಮೇಲ್ ಕಳಿಸಿದ್ಮೇಲೆ ಚಾಟಲ್ಲಿ "ಸರ್ ಲೆಕ್ಕ ಇಮೇಲ್ ಮಾಡಿದೀನಿ, ಒಮ್ಮೆ ನೋಡಿ" ಅಂತ ಒಂದು ಸಾಲು ಹಾಕಿ. ಇಮೇಲ್ ನೋಡೇ ಇಲ್ಲ ಅನ್ನೋಕಾಗಲ್ಲ.

ಉತ್ತರ ಬಂದಾಗ, ಬರದಿದ್ದಾಗ

ನಮ್ಮ ಉದಾಹರಣೇಲಿ ಜೂನ್ 18ಕ್ಕೆ ಓನರ್ ಹೇಳ್ತಾರೆ, ಪೂರ್ತಿ ಮನೆಗೆ ಬಣ್ಣ ಹೊಡೆಸ್ತಿದೀನಿ, 25,000 ಹಿಡ್ಕೋತೀನಿ ಅಂತ. ತಕ್ಷಣ ಜಗಳಕ್ಕೆ ಹೋಗಬೇಡಿ. ಎರಡು ಪ್ರಶ್ನೆ ಕೇಳಿ: ಅಗ್ರಿಮೆಂಟಿನ ಯಾವ ಸಾಲಿನ ಪ್ರಕಾರ, ಮತ್ತು ಕೊಟೇಶನ್ ಎಲ್ಲಿ. ಅಂಥ ಸಾಲು ನಿಜವಾಗ್ಲೂ ಇದ್ದು ನೀವು ಸಹಿ ಹಾಕಿದ್ರೆ ಮಾತುಕತೆ ಬೇರೆ, ಆಗ ಚೌಕಾಸಿ ಮಾಡೋಕೆ ಜಾಗ ಕಮ್ಮಿ. ಇಲ್ಲದಿದ್ರೆ ತಕರಾರಿರೋ ಮೊತ್ತನ ಬೇರೆ ಮಾಡಿ. ಬಣ್ಣಕ್ಕೆ ಅಂತ 1,600 ನೀವು ಆಗಲೇ ಒಪ್ಪಿದೀರಾ, ಹಾಗಾಗಿ ಜಗಳ ಇರೋದು 23,400ರ ಮೇಲೆ ಮಾತ್ರ. 82,778ರಲ್ಲಿ ಅದನ್ನ ಕಳೆದ್ರೆ 59,378. ಈ ದುಡ್ಡಿನ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ, ಹಾಗಾಗಿ "ಬಣ್ಣದ ವಿಷಯ ಮಾತಾಡಿ ಬಗೆಹರಿಸೋಣ, ತಕರಾರಿಲ್ಲದ 59,378 ಮಾತ್ರ ಮುಂಚೆ ಹೇಳಿದ ಜೂನ್ 26ರೊಳಗೇ ಹಾಕಿಬಿಡಿ" ಅಂತ ಬರೀರಿ. ಇಲ್ಲೇ ಎಷ್ಟೋ ಜನ ಎಡವೋದು, 25,000ಕ್ಕೆ ಜಗಳ ಆಡ್ತಾ ಉಳಿದಿದ್ದೂ ಅಲ್ಲೇ ಸಿಕ್ಕಿಹಾಕ್ಕೊಂಡಿರತ್ತೆ.

ಆ ದುಡ್ಡು ಬಂದ್ರೆ "ಥ್ಯಾಂಕ್ಸ್ ಸರ್" ಅಷ್ಟೇ ಹೇಳಿ ಸುಮ್ಮನಾಗಬೇಡಿ. "59,378 ಬಂದಿದೆ, ಇದನ್ನ ಭಾಗಶಃ ವಾಪಸಾತಿ ಅಂತ ತಗೊಂಡಿದೀನಿ, ಉಳಿದ 23,400 ಇನ್ನೂ ಬಾಕಿ ಇದೆ" ಅಂತ ಅದೇ ಇಮೇಲಿಗೆ ರಿಪ್ಲೈ ಮಾಡಿ. ಅವರು "ಪೂರ್ತಿ ಸೆಟ್ಲ್‌ಮೆಂಟ್" ಅಂತ ಬರೆದು ಸಹಿ ಮಾಡಿ ಅಂದ್ರೆ, ಉಳಿದಿದ್ದನ್ನ ಬಿಟ್ಟುಕೊಡೋಕೆ ತಯಾರಿದ್ರೆ ಮಾತ್ರ ಮಾಡಿ.

ಉತ್ತರನೇ ಬರದೆ ಜೂನ್ 26 ದಾಟಿದ್ರೆ 27ಕ್ಕೆ ಎರಡನೇ ಇಮೇಲು, ಹೊಸದಾಗಿ ಅಲ್ಲ, ಮೊದಲನೇದಕ್ಕೇ ರಿಪ್ಲೈ, ಲಗತ್ತುಗಳನ್ನ ಮತ್ತೆ ಸೇರಿಸಿ. ನಾಲ್ಕು ಸಾಲು ಸಾಕು: 12ಕ್ಕೆ ಲೆಕ್ಕ ಕಳಿಸಿದ್ದೆ, 19ರೊಳಗೆ ಆಕ್ಷೇಪ ಬಂದಿಲ್ಲ, 26ಕ್ಕೆ ದುಡ್ಡು ಬಂದಿಲ್ಲ, ಜುಲೈ 4ರೊಳಗೆ ಬರದಿದ್ರೆ ಇಲ್ಲಿನ ಕಾನೂನಿನ ಪ್ರಕಾರ ಮುಂದಿನ ಹೆಜ್ಜೆ ಇಡ್ತೀನಿ. ಈಗ ಬೇಕಾದ್ರೆ ಕಾನೂನಿನ ಮಾತು ಎತ್ತಬಹುದು, ಆದ್ರೆ ನಿಜವಾಗ್ಲೂ ಇಡೋ ಹೆಜ್ಜೆ ಮಾತ್ರ ಬರೀರಿ. ನೋಟಿಸ್ ಕಳಿಸೋದಾದ್ರೆ ನೋಟಿಸ್ ಅಂತ, ಬಾಡಿಗೆ ವ್ಯಾಜ್ಯ ನೋಡೋ ಕಚೇರಿಗೆ ದೂರು ಕೊಡೋದಾದ್ರೆ ಹಾಗಂತ. ಅಲ್ಲಿಗೆ ಹೋದಾಗ ಕೈಯಲ್ಲಿ ಬೇಕಾಗೋದು ಈ ಎರಡು ಇಮೇಲು, ಅವುಗಳ ಲಗತ್ತು, ಮತ್ತೆ ಕೀ ಕೊಟ್ಟ ಆ ಚೀಟಿ.